ಏಕಾದಶಿ ಸಾಬೂದಾನಿ ಕಿಚಡಿ: ಒಂದು ತಟ್ಟೆಗೆ ಎಷ್ಟು ಕ್ಯಾಲೊರಿ, ಎಷ್ಟು ಕಾರ್ಬ್? ಆ್ಯಪ್ ಒಂದೊಂದು ಸಲ ಒಂದೊಂದು ಹೇಳ್ತದೆ

ಪಿಜೆ_ಬಡಾವಣೆ (ದಾವಣಗೆರೆ)
ನಮಸ್ಕಾರ್ರಿ ಎಲ್ಲರಿಗೂ. ನಮ್ಮವ್ವ ತಿಂಗಳಿಗೆ ಎರಡೂ ಏಕಾದಶಿ ಬಿಡದೆ ಮಾಡ್ತಾಳೆ. ವಯಸ್ಸು 57, ಶುಗರ್ ಐತಿ, ಮೆಟ್‌ಫಾರ್ಮಿನ್ ಗುಳಿಗಿ ಒಂದೇ ತಗೊಳ್ಳೋದು. ಅವತ್ತು ಅನ್ನ, ರೊಟ್ಟಿ, ಬೇಳೆ ಏನೂ ಮುಟ್ಟಂಗಿಲ್ಲ. ಮಧ್ಯಾಹ್ನ ಶೇಂಗಾ ಹಾಕಿದ ಸಾಬೂದಾನಿ ಕಿಚಡಿ ಒಂದು ತಟ್ಟೆ, ರಾತ್ರಿಗೆ ಉಳಿದಿದ್ದು ಇನ್ನೊಂದು ತಟ್ಟೆ. ನಡುವೆ ಒಂದು ಲೋಟ ಹಾಲು.

ಉಪವಾಸ ಅಂದ್ಮೇಲೆ ಶುಗರ್ ಇಳೀಬೇಕಲ್ಲ, ಇವರದ್ದು ಅವತ್ತೇ ಜಾಸ್ತಿ ಬರ್ತದೆ. ಎಷ್ಟು ತಿಂತಾರೆ ಅಂತ ಲೆಕ್ಕ ಹಾಕೋಣ ಅಂತ ಆ್ಯಪ್‌ನಾಗೆ ನೋಡಿದೆ. ಒಂದು ಕಡೆ 100 ಗ್ರಾಂಗೆ 355 ಕ್ಯಾಲೊರಿ ಅಂತದೆ, ಇನ್ನೊಂದು ಕಡೆ 180, ಮತ್ತೊಂದು ಕಡೆ 260. ಮೂರೂ ‘ಸಾಬೂದಾನ’ ಅಂತಾನೇ ಬರೆದೈತಿ. ಯಾವುದನ್ನ ನಂಬೋದ್ರಿ?

ಬೆಣ್ಣೆ_ಖಾಲಿ
ಏಕಾದಶಿಗೆ ಶೇಂಗಾ ನಡೀತದಾ ಮೊದಲು ಅದನ್ನ ಕೇಳ್ಕೊಳ್ಳಿ. ನಮ್ಮ ಮನೇಲಿ ದ್ವಿದಳ ಧಾನ್ಯ ಅಂತ ಶೇಂಗಾನೂ ಬಿಡ್ತಾರೆ. ಸೈಂಧವ ಉಪ್ಪೇ ಹಾಕ್ಬೇಕು, ಈರುಳ್ಳಿ ಮುಟ್ಟಂಗಿಲ್ಲ.

ಪಿಜೆ_ಬಡಾವಣೆ
ಅಣ್ಣಾ, ನಡೀತದೋ ಇಲ್ವೋ ಅಂತ ನಾ ಕೇಳಿಲ್ಲ. ನಮ್ಮ ಮನ್ಯಾಗೆ ನಡೀತದೆ. ಎಷ್ಟು ಕಾರ್ಬ್ ಅಂತ ಕೇಳಿದ್ದು.

ಜಿಮ್_ಹನುಮ
ಬ್ರೋ ಶೇಂಗಾ ಹಾಕ್ತೀರಲ್ಲ, ಟೆನ್ಷನ್ ಬೇಡ. ಶೇಂಗಾ ಅಂದ್ರೆ ಪ್ರೋಟೀನ್. ಪ್ರೋಟೀನ್ ಇದ್ರೆ ಕಾರ್ಬ್ ಕ್ಯಾನ್ಸಲ್, ಶುಗರ್ ಏರಲ್ಲ. ಇನ್ನೊಂದು ಮುಷ್ಟಿ ಜಾಸ್ತಿ ಹಾಕಿ.

ತಕ್ಕಡಿ_ಅಕ್ಕ
ಮೂರು ಸಂಖ್ಯೆನೂ ಸರಿನೇ ಇರಬಹುದು, ಮೂರೂ ಬೇರೆ ಬೇರೆ ವಸ್ತುವಿನದ್ದು ಅಷ್ಟೇ. ನಾನು ದಾವಣಗೆರೆಯಲ್ಲೇ ಆಹಾರ ಸಲಹೆಯ ಕೆಲಸ ಮಾಡೋಳು. ಈ ಗೊಂದಲ ವಾರಕ್ಕೊಮ್ಮೆಯಾದರೂ ನನ್ನ ಟೇಬಲ್ ಮುಂದೆ ಬರುತ್ತೆ.

355 ಅನ್ನೋದು ಅಂಗಡಿಯಿಂದ ತಂದ ಒಣ ಸಾಬೂದಾನಿಗೆ. ಅದರಲ್ಲಿ ಕಾರ್ಬೋಹೈಡ್ರೇಟ್ ಸುಮಾರು 88 ಗ್ರಾಂ. ಉಳಿದಿದ್ದು ಹೆಚ್ಚುಕಮ್ಮಿ ನೀರೇ. ಪ್ರೋಟೀನ್ ಕಾಲು ಗ್ರಾಂ ಕೂಡ ಇಲ್ಲ, ನಾರು ಒಂದು ಗ್ರಾಂ ಆಗಲ್ಲ, ಕೊಬ್ಬು ಇಲ್ಲವೇ ಇಲ್ಲ ಅನ್ನಿ. ಯಾಕೆ ಅಂದ್ರೆ ಅದು ಕಾಳಲ್ಲ, ಬೀಜ ಅಲ್ಲ. ತಮಿಳುನಾಡಿನ ಸೇಲಂ ಕಡೆಯ ಕಾರ್ಖಾನೆಗಳಲ್ಲಿ ಮರಗೆಣಸನ್ನ ಅರೆದು, ಹಾಲು ಹಿಂಡಿ, ತಳಕ್ಕೆ ಕೂತ ಪಿಷ್ಟವನ್ನ ಗುಂಡಗೆ ಮಾಡಿ ಒಣಗಿಸಿದ್ದು. ನಾರೆಲ್ಲ ಹಿಪ್ಪೆ ಜೊತೆ ಅಲ್ಲೇ ಹೋಗಿರುತ್ತೆ.

ಅದನ್ನೇ ನೆನೆಸಿದಾಗ ತನ್ನ ತೂಕದಷ್ಟೇ ನೀರು ಕುಡಿಯುತ್ತೆ. 100 ಗ್ರಾಂ ಇದ್ದದ್ದು 190–200 ಆಗುತ್ತೆ. ನೀರಿಗೆ ಕ್ಯಾಲೊರಿ ಇಲ್ಲ, ಹಾಗಾಗಿ ನೆನೆದ ಸಾಬೂದಾನಿ 100 ಗ್ರಾಂ ತೂಗಿದ್ರೆ 180 ಆಸುಪಾಸು ಬರುತ್ತೆ. ಅದಕ್ಕೇ ತುಪ್ಪ, ಶೇಂಗಾ, ಆಲೂಗಡ್ಡೆ ಸೇರಿಸಿ ಬಾಣಲೆಯಿಂದ ಇಳಿಸಿದ್ರೆ ಮತ್ತೆ 250, 260ಕ್ಕೆ ಹೋಗುತ್ತೆ.

ಆದ್ದರಿಂದ ಆ್ಯಪ್ ಬದಿಗಿಡಿ. ಮುಂದಿನ ಏಕಾದಶಿಗೆ ಅವ್ವ ಹಾಕೋದನ್ನೆಲ್ಲ ಹಾಕೋ ಮುಂಚೆ ಒಂದೊಂದಾಗಿ ತೂಗಿ. ಮುಖ್ಯವಾಗಿ ತುಪ್ಪವನ್ನ. ಕೊನೆಗೆ ಇಡೀ ಕಿಚಡಿ ತೂಗಿ, ಆಮೇಲೆ ತಟ್ಟೆಗೆ ಬಡಿಸಿದ್ದನ್ನ ತೂಗಿ. ಬಾಣಲೆ ತೂಕ ಕಳೆಯೋದು ಮರೀಬೇಡಿ.

@ಜಿಮ್_ಹನುಮ ಅವರಿಗೆ ಆಮೇಲೆ ಬರ್ತೀನಿ.

ಅನ್ನಪೂರ್ಣ_ಒಲೆ
ತೂಗೋದೆಲ್ಲ ಬೇಡ್ರಿ. ಸಾಬೂದಾನಿ ನಾಕೈದು ಸಲ ಚೆನ್ನಾಗಿ ತೊಳೀರಿ, ಬಿಳೀ ನೀರು ಹೋಗೋತನಕ. ಆ ಬಿಳೀ ನೀರೇ ಪಿಷ್ಟ. ಅದು ಹೋಯ್ತು ಅಂದ್ರೆ ಶುಗರಿನವರಿಗೂ ಏನೂ ಆಗಲ್ಲ. ನಮ್ಮತ್ತೆಗೆ ಹಂಗೇ ಮಾಡಿಕೊಡ್ತಿದ್ದೆ.

ತಕ್ಕಡಿ_ಅಕ್ಕ
ತೊಳೆಯೋದು ಸರಿ ಅಕ್ಕಾರೆ, ತೊಳೀಲಿಲ್ಲ ಅಂದ್ರೆ ಕಿಚಡಿ ಅಂಟಂಟಾಗಿ ಮುದ್ದೆ ಆಗುತ್ತೆ. ಆದ್ರೆ ಹೋಗೋದು ಕಾಳಿನ ಮೇಲೆ ಅಂಟಿದ ಹಿಟ್ಟು ಮಾತ್ರ. ಕಾಳಿನ ಒಳಗಿರೋದೂ ಅದೇ ಪಿಷ್ಟ, ಅದೆಲ್ಲಿ ಹೋಗುತ್ತೆ? ನಂಬಿಕೆ ಇಲ್ಲ ಅಂದ್ರೆ ತೊಳೆದ ನೀರನ್ನ ಚೆಲ್ಲದೆ ಒಂದು ಪಾತ್ರೆಯಲ್ಲಿ ಬಿಟ್ಟು ನೋಡಿ. ಎರಡು ಗಂಟೆಗೆ ಮೇಲಿನ ನೀರು ತಿಳಿಯಾಗುತ್ತೆ, ತಳದಲ್ಲಿ ಬಿಳಿ ಪದರ ಕೂರುತ್ತೆ. ಎಷ್ಟಿದೆ ಅಂತ ಕಣ್ಣಿಗೇ ಕಾಣುತ್ತೆ.

ಅನ್ನಪೂರ್ಣ_ಒಲೆ
ನೋಡ್ತೀನಿ. ಇಷ್ಟು ವರ್ಷ ಚೆಲ್ಲಿದ ನೀರು ನೋಡಿದ್ರೆ ಹಾಲಿನಂಗೆ ಇರ್ತದೆ, ಕಮ್ಮಿ ಏನಲ್ಲ ಬಿಡ್ರಿ.

ಚಳ್ಳಕೆರೆ_ಗಾಣ
ಶೇಂಗಾ ವಿಷಯಕ್ಕೆ ನಾನು ಬರ್ತೀನಿ. ನಮ್ಮದು ಚಳ್ಳಕೆರೆ ತಾಲ್ಲೂಕು, ಶೇಂಗಾ ಬೆಳೆದು ಗಾಣಕ್ಕೆ ಹಾಕೋ ಮನೆ. ಹನುಮಣ್ಣ ಹೇಳಿದ್ದು ಅರ್ಧ ನಿಜ. ಶೇಂಗಾದಲ್ಲಿ ಪ್ರೋಟೀನ್ ಐತೆ, ನೂರು ಗ್ರಾಂಗೆ 25 ಬರುತ್ತೆ. ಆದ್ರೆ ಅದಕ್ಕಿಂತ ಜಾಸ್ತಿ ಇರೋದು ಎಣ್ಣೆ. ಹತ್ರ ಹತ್ರ ಅರ್ಧ ತೂಕ ಎಣ್ಣೆನೇ ಕಣ್ರಿ, ಇಲ್ದಿದ್ರೆ ಚಳ್ಳಕೆರೆ ತುಂಬ ಎಣ್ಣೆ ಮಿಲ್ ಯಾಕಿರ್ತಿದ್ವು? 100 ಗ್ರಾಂ ಬೀಜ ತಿಂದ್ರೆ 560 ಕ್ಯಾಲೊರಿ ಮೇಲೆ. ಒಂದು ಮುಷ್ಟಿ ಜಾಸ್ತಿ ಅಂದ್ರೆ ಒಂದು ರೊಟ್ಟಿ ಜಾಸ್ತಿ ತಿಂದಂಗೆ.

ಹಾಗಂತ ನಮ್ಮ ಬೆಳೆನ ನಾನೇ ಬೈತಿಲ್ಲ. ಕಿಚಡೀಲಿ ತಿನ್ನೋ ಲಾಯಕ್ಕಿರೋದು ಅಂತ ಏನಾದ್ರೂ ಇದ್ರೆ ಅದು ಶೇಂಗಾನೇ.

ಜಿಮ್_ಹನುಮ
ಅಣ್ಣ ಅದು ಒಳ್ಳೆ ಕೊಬ್ಬು ತಾನೇ?

ಚಳ್ಳಕೆರೆ_ಗಾಣ
ಒಳ್ಳೇದಾದ್ರೂ ತೂಕಕ್ಕೆ ತೂಕ ಐತಲ್ಲಪ್ಪ.

ತಕ್ಕಡಿ_ಅಕ್ಕ
ಇಬ್ಬರ ಮಾತಿಗೂ ಸೇರಿಸಿ ಹೇಳ್ತೀನಿ. ಶೇಂಗಾ ಹಾಕಿದ್ರೆ ಸಾಬೂದಾನಿಯ ಕಾರ್ಬ್ ಎಲ್ಲಿಗೂ ಹೋಗಲ್ಲ, ಶೇಂಗಾದ್ದೇ ಸ್ವಲ್ಪ ಸೇರಿಕೊಳ್ಳುತ್ತೆ. ಆದ್ರೆ ಕೊಬ್ಬು, ಪ್ರೋಟೀನ್, ನಾರು ಸೇರಿದಾಗ ಹೊಟ್ಟೆ ನಿಧಾನವಾಗಿ ಖಾಲಿ ಆಗುತ್ತೆ. ಆಗ ಶುಗರ್ ಒಂದೇ ಏಟಿಗೆ ಏರೋ ಬದಲು ನಿಧಾನಕ್ಕೆ ಏರಿ, ತಡವಾಗಿ ತುದಿ ಮುಟ್ಟುತ್ತೆ. ಇದರಲ್ಲಿ ಒಂದು ಮೋಸ ಇದೆ. ಊಟ ಆಗಿ ಎರಡು ಗಂಟೆಗೆ ಸರಿಯಾಗಿ ಚುಚ್ಚಿ ನೋಡಿ ‘ಪರವಾಗಿಲ್ಲ’ ಅಂದುಕೊಳ್ತಾರೆ. ತುಪ್ಪ, ಶೇಂಗಾ ಜಾಸ್ತಿ ಇರೋ ಕಿಚಡಿಗೆ ಮೂರನೇ ಗಂಟೆಯಲ್ಲೂ ನೋಡಬೇಕು. ಏರಿಕೆ ಅಲ್ಲಿ ಅಡಗಿರಬಹುದು.

ಕೋಟೆ_ಬುರುಜು (ಚಿತ್ರದುರ್ಗ)
ನಂದೂ ಒಂದು ಕತೆ ಐತೆ ಕೇಳ್ರಪ್ಪ. ನನಗೆ 66. ಶಿವರಾತ್ರಿ ದಿನ ಎಂದಿನಂಗೆ ಬೆಳಿಗ್ಗೆ ಗ್ಲಿಮೆಪಿರೈಡ್ ಮಾತ್ರೆ ನುಂಗಿ ಉಪವಾಸ ಕೂತೆ. ಸಂಜೆ ಪೂಜೆ ಹೊತ್ತಿಗೆ ಕೈ ನಡುಗೋಕೆ ಶುರು, ಅಂಗಿಯೆಲ್ಲ ಬೆವರು, ಕಣ್ಣು ಮಂಜು ಮಂಜು. ಮಗಳು ಮೀಟರ್ ಹಾಕಿದ್ಲು, 58. ಗಾಬರಿಯಾಗಿ ಮಾಡಿಟ್ಟಿದ್ದ ಸಾಬೂದಾನಿ ಕಿಚಡಿನೇ ತಟ್ಟೆ ತುಂಬ ಹಾಕ್ಕೊಟ್ಲು. ತಿಂದೆ. ಅರ್ಧ ಗಂಟೆ ಆದ್ರೂ ನಡುಕ ನಿಲ್ಲಲಿಲ್ಲ. ರಾತ್ರಿ ನೋಡಿದ್ರೆ 290! ಸಾಬೂದಾನಿ ಅಂದ್ರೆ ಬರೀ ಪಿಷ್ಟ ಅಂತೀರಿ, ಹಂಗಾದ್ರೆ ತಕ್ಷಣ ಯಾಕೆ ಏರಲಿಲ್ಲ?

ತಕ್ಕಡಿ_ಅಕ್ಕ
ಯಜಮಾನ್ರೇ, ನಾನು ಈಗಷ್ಟೇ ಹೇಳಿದ್ದಕ್ಕೆ ನಿಮ್ಮ ಕತೆಯೇ ಸಾಕ್ಷಿ. ತುಪ್ಪ, ಶೇಂಗಾ ಜೊತೆ ಇದ್ದದ್ದರಿಂದ ಪಿಷ್ಟ ರಕ್ತಕ್ಕೆ ಸೇರೋದು ತಡ ಆಯ್ತು. ಶುಗರ್ ಇಳಿದು ನಡುಗ್ತಿರೋವಾಗ ಕಿಚಡಿ ಕೆಲಸಕ್ಕೆ ಬರಲ್ಲ. ಮೂರು ಸಣ್ಣ ಚಮಚ ಸಕ್ಕರೆ ನೀರಿಗೆ ಕಲಸಿ ಕುಡಿದುಬಿಡಬೇಕು, 15 ನಿಮಿಷ ಬಿಟ್ಟು ಮತ್ತೆ ಮೀಟರ್ ಹಾಕಬೇಕು, ಏರದೇ ಇದ್ರೆ ಇನ್ನೊಂದು ಸಲ. ಸರಿಹೋದ ಮೇಲೆ ಊಟ. ಕುಡಿಯೋಕೂ ಆಗದಷ್ಟು ಮಂಪರು ಇದ್ರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ.

ಗ್ಲಿಮೆಪಿರೈಡ್, ಗ್ಲಿಕ್ಲಜೈಡ್ ತರದ ಮಾತ್ರೆಗಳು ನೀವು ಉಂಡ್ರೂ ಉಣ್ಣದಿದ್ರೂ ಇನ್ಸುಲಿನ್ ಹೊರಡಿಸ್ತಾವೆ. ಉಪವಾಸದ ದಿನ ಅದನ್ನ ಯಾವಾಗ, ಎಷ್ಟು ತಗೊಳ್ಳಬೇಕು ಅನ್ನೋದನ್ನ ನಿಮ್ಮ ಡಾಕ್ಟರ್ ಹತ್ರ ಹಿಂದಿನ ವಾರವೇ ಕೇಳಿಟ್ಟುಕೊಳ್ಳಿ. ನೀವಾಗೇ ಬಿಡಬೇಡಿ, ನೀವಾಗೇ ನುಂಗಲೂಬೇಡಿ. ಪಿಜೆ ಬಡಾವಣೆಯವರ ತಾಯಿ ಮೆಟ್‌ಫಾರ್ಮಿನ್ ಒಂದೇ ತಗೊಳ್ತಿದ್ದಾರೆ, ಅದೊಂದರಿಂದಲೇ ಹೀಗೆ ಇಳಿಯೋದು ಅಪರೂಪ.

ಕೋಟೆ_ಬುರುಜು
ಸಕ್ಕರೆ ನೀರು ಕುಡಿದ್ರೆ ಉಪವಾಸ ಮುರೀತದೆ ಅಂತ ಮಗಳು ಹೆದರಿದ್ಲು ಪಾಪ. ಕಿಚಡಿ ಆದ್ರೆ ಉಪವಾಸದ್ದೇ ಅಂತ.

ಬೆಣ್ಣೆ_ಖಾಲಿ
ಸಕ್ಕರೆನೂ ಉಪವಾಸಕ್ಕೆ ನಡೀತದೆ ಯಜಮಾನ್ರೇ, ಪಾನಕ ಕುಡಿಯಲ್ವಾ?

ವಿರಕ್ತ_ಓದುಗ
ದೇವರ ಹೆಸರಲ್ಲಿ ಒಂದು ಹೊತ್ತು ಬಿಡೋದಕ್ಕೆ ಉಪವಾಸ ಅಂದ್ರು. ನೀವು ತುಪ್ಪದಲ್ಲಿ ಹುರಿದು ಎರಡು ತಟ್ಟೆ ತಿಂದು ಗ್ರಾಂ ಲೆಕ್ಕ ಹಾಕ್ತಿದೀರಿ. ಹಣ್ಣು ಹಾಲು ತಗೊಂಡು ಸುಮ್ಮನಿರಬಾರದಾ?

ಪಿಜೆ_ಬಡಾವಣೆ
ಅದನ್ನ ನಮ್ಮವ್ವಗೆ ನೀವೇ ಬಂದು ಹೇಳ್ರಿ ಸರ, ಚಾ ಕೊಡ್ತೀನಿ.

(ಏಕಾದಶಿ ಆದ ಮರುದಿನ)

ಪಿಜೆ_ಬಡಾವಣೆ
ತೂಗಿದೆ. ಅವ್ವ ‘ಚಿನ್ನ ತೂಗ್ತಿಯೇನೋ’ ಅಂತ ಬೈದ್ಲು, ಆದ್ರೂ ಬಿಡಲಿಲ್ಲ.

ಒಣ ಸಾಬೂದಾನಿ 150 ಗ್ರಾಂ, ಅವ್ವನ ಅಳತೆ ಲೋಟಕ್ಕೆ ಒಂದು. ರಾತ್ರಿ ತೊಳೆದು, ಕಾಳು ಮುಳುಗೋಷ್ಟೇ ನೀರು ಬಿಟ್ಟು ಮುಚ್ಚಿಟ್ಟಿದ್ಲು. ಬೆಳಿಗ್ಗೆ 290 ಗ್ರಾಂ ತೂಗ್ತು. ಹುರಿದು ಸಿಪ್ಪೆ ತೆಗೆದು ಕುಟ್ಟಿದ ಶೇಂಗಾ 50. ಆಲೂಗಡ್ಡೆ ಸಿಪ್ಪೆ ತೆಗೆದ ಮೇಲೆ 100. ತುಪ್ಪ ಕೇಳಿದ್ರೆ ‘ಎರಡು ಚಮಚ’ ಅಂದ್ಲು. ಆ ಚಮಚ ಯಾವುದು ಅಂದ್ರೆ ಪಲ್ಯ ಬಡಿಸೋ ಚಮಚ! ಡಬ್ಬಿ ಮುಂಚೆ ಹಿಂದೆ ತೂಗಿ ನೋಡಿದೆ, 30 ಗ್ರಾಂ ಹೋಗಿತ್ತು. ಸಕ್ಕರೆ ಒಂದು ಸಣ್ಣ ಚಮಚ. ಜೀರಿಗಿ, ಹಸಿಮೆಣಸಿನಕಾಯಿ, ಕರಿಬೇವು, ನಿಂಬಿಹಣ್ಣು ತೂಗಲಿಲ್ಲ. ಎಲ್ಲ ಆದ ಮೇಲೆ ಕಿಚಡಿ 440 ಗ್ರಾಂ. ಅವ್ವ ಮಧ್ಯಾಹ್ನ ಅರ್ಧ, ರಾತ್ರಿ ಅರ್ಧ ತಿಂದ್ಲು.

ಮೀಟರ್: ಊಟಕ್ಕೆ ಮುಂಚೆ 126. ಎರಡು ಗಂಟೆಗೆ 189. ಮೂರು ಗಂಟೆಗೆ 214. ಅಕ್ಕ ಹೇಳಿದ್ದಕ್ಕೆ ಮೂರನೇ ಸ್ಟ್ರಿಪ್ ಖರ್ಚು ಮಾಡಿದೆ, ಇಲ್ದಿದ್ರೆ 189ಕ್ಕೇ ಬಿಡ್ತಿದ್ದೆ.

ಇನ್ನೊಂದು. ತೊಳೆದ ನೀರು ಕೂರಿಸಿ, ಮೇಲಿನ ನೀರು ಬಗ್ಗಿಸಿ, ತಟ್ಟೇಲಿ ಬಿಸಿಲಿಗೆ ಒಣಗಿಸಿದೆ. ಕೆರೆದು ತೂಗಿದ್ರೆ 3 ಗ್ರಾಂ. ಅನ್ನಪೂರ್ಣಕ್ಕಾರ ಲೆಕ್ಕಕ್ಕೆ.

ಅನ್ನಪೂರ್ಣ_ಒಲೆ
ಮೂರೇ ಗ್ರಾಮಾ? ನಾನೂ ನೋಡಿದೆ, ಪಾತ್ರೆ ತಳಕ್ಕೆ ರಂಗೋಲಿ ಪುಡಿ ಚೆಲ್ಲಿದಂಗೆ ತೆಳ್ಳಗೆ ಕೂತಿತ್ತು. ಸರಿ ಬಿಡ್ರಿ, ಕಿಚಡಿ ಉದುರು ಉದುರು ಆಗೋಕಾದ್ರೂ ತೊಳೀತೀನಿ.

ತಕ್ಕಡಿ_ಅಕ್ಕ
ಒಳ್ಳೆ ಕೆಲಸ. ಈಗ ಲೆಕ್ಕ ಮಾಡೋಣ. ಕ್ಯಾಲೊರಿ ಬೇರೆ, ಕಾರ್ಬ್ ಬೇರೆ ಅಂತ ಇಟ್ಟುಕೊಂಡು ನೋಡಿ.

ಕ್ಯಾಲೊರಿ: ಸಾಬೂದಾನಿಯಿಂದ ಸುಮಾರು 530, ಶೇಂಗಾದಿಂದ 285, ತುಪ್ಪದಿಂದ 265, ಆಲೂಗಡ್ಡೆ ಸಕ್ಕರೆ ಎರಡೂ ಸೇರಿ 95. ಒಟ್ಟು 1175 ಹತ್ರ. ಒಂದು ತಟ್ಟೆಗೆ 590.

ಕಾರ್ಬ್: ಸಾಬೂದಾನಿಯಿಂದಲೇ 132 ಗ್ರಾಂ, ಆಲೂಗಡ್ಡೆ 17, ಶೇಂಗಾ 8, ಸಕ್ಕರೆ 5. ತುಪ್ಪ ಸೊನ್ನೆ. ಒಟ್ಟು 162, ತಟ್ಟೆಗೆ 81. ಪ್ರೋಟೀನ್ ತಟ್ಟೆಗೆ ಏಳೂವರೆ ಗ್ರಾಂ ಬಂತು, ಅದರಲ್ಲಿ ಆರಕ್ಕಿಂತ ಜಾಸ್ತಿ ಶೇಂಗಾದ್ದೇ.

ಕ್ಯಾಲೊರಿಯಲ್ಲಿ ಹೆಚ್ಚುಕಮ್ಮಿ ಅರ್ಧ ಶೇಂಗಾ ಮತ್ತು ತುಪ್ಪದ್ದು. ಕಾರ್ಬ್‌ನಲ್ಲಿ ಅವೆರಡರ ಪಾಲು ಏನೂ ಇಲ್ಲ ಅನ್ನಬಹುದು. ಹಾಗಾಗಿ ತೂಕ ಇಳಿಸೋರು ‘ಸಾಬೂದಾನಿ ಕೆಟ್ಟದ್ದು’ ಅಂತ ಅದನ್ನ ಕಡಿಮೆ ಮಾಡಿ ತುಪ್ಪದ ಕೈ ಹಾಗೇ ಬಿಟ್ರೆ ಅರ್ಧ ಕೆಲಸ ಆದ ಹಾಗೆ. ಶುಗರ್ ಇರೋರು ತುಪ್ಪ ಮಾತ್ರ ಕಡಿಮೆ ಮಾಡಿ ತಟ್ಟೆ ತುಂಬ ತಿಂದ್ರೆ ಇನ್ನೂ ಕೆಟ್ಟದ್ದು, ಏರಿಕೆ ಬೇಗ ಬರುತ್ತೆ.

ಈಗ ಅವರ ಮಾಮೂಲಿ ದಿನದ ಮಧ್ಯಾಹ್ನದ ಊಟ ಏನು ಹೇಳಿ.

ಪಿಜೆ_ಬಡಾವಣೆ
ಒಂದು ಜೋಳದ ರೊಟ್ಟಿ, ಕಾಳಿನ ಪಲ್ಯನೋ ಸೊಪ್ಪಿಂದೋ, ಆಮೇಲೆ ಒಂದು ಸೌಟು ಅನ್ನ, ಬೇಳೆ ಸಾರು, ಮಜ್ಜಿಗೆ. ಅವತ್ತು ಎರಡು ಗಂಟೆಗೆ 150–160 ಒಳಗೇ ಇರ್ತದೆ.

ತಕ್ಕಡಿ_ಅಕ್ಕ
50 ಗ್ರಾಂ ಹಿಟ್ಟಿನ ರೊಟ್ಟಿ ಅಂದ್ರೆ ಕಾರ್ಬ್ 35. ಅನ್ನ 100 ಗ್ರಾಂ ಅಂತಿಟ್ಕೊಂಡ್ರೆ 28. ಬೇಳೆ, ಪಲ್ಯ ಎಲ್ಲ ಸೇರಿ ಒಂದು 17. ಒಟ್ಟು 80!

ಪಿಜೆ_ಬಡಾವಣೆ
ಏನಕ್ಕ ಇದು? ಕಿಚಡಿದು 81, ಊಟದ್ದು 80. ಎರಡೂ ಒಂದೇ ಅಂದ್ಮೇಲೆ ಒಂದಕ್ಕೆ 155, ಒಂದಕ್ಕೆ 214 ಯಾಕೆ ಬರ್ತದೆ?

ತಕ್ಕಡಿ_ಅಕ್ಕ
ಇದನ್ನ ನೀವೇ ಕೇಳಲಿ ಅಂತ ಕಾಯ್ತಿದ್ದೆ. ‘ಸಾಬೂದಾನಿಯಲ್ಲಿ ಕಾರ್ಬ್ ಜಾಸ್ತಿ’ ಅನ್ನೋದನ್ನ ಎಲ್ಲರೂ ಹೇಳ್ತಾರೆ, ತಟ್ಟೆ ಲೆಕ್ಕದಲ್ಲಿ ಅದು ಯಾವಾಗಲೂ ನಿಜ ಅಲ್ಲ. ರೊಟ್ಟಿಯಲ್ಲಿ ಪಿಷ್ಟ ಜೋಳದ ನಾರು, ಪ್ರೋಟೀನ್ ಜೊತೆ ಕಟ್ಟಿಕೊಂಡಿರುತ್ತೆ. ಜೊತೆಗೆ ಕಾಳು, ಬೇಳೆ, ಸೊಪ್ಪು. ಜೀರ್ಣ ಆಗೋಕೆ ಹೊತ್ತು ಹಿಡಿಯುತ್ತೆ. ಸಾಬೂದಾನಿಯ ಪಿಷ್ಟ ಕಾರ್ಖಾನೆಯಲ್ಲೇ ಎಲ್ಲದರಿಂದ ಬಿಡಿಸಿ ಆಗಿದೆ. ಮೇಲೆ ನೆನೆಸಿ, ಬಿಸಿ ಮಾಡಿ ಕಾಳು ಕನ್ನಡಿ ಥರ ಆದಾಗ ಪೂರ್ತಿ ಬೆಂದಿರುತ್ತೆ, ದೇಹಕ್ಕೆ ಕೆಲಸವೇ ಉಳಿದಿಲ್ಲ.

ಇನ್ನೂ ಒಂದೆರಡು ಕಾರಣ ಇರಬಹುದು. ಉಪವಾಸದ ದಿನ ಊಟ ತಡ ಆಗುತ್ತೆ, ಹೊಲ ಮನೆ ಓಡಾಟ ಕಡಿಮೆ, ತಿಂದು ಮಲಗಿಬಿಡ್ತಾರೆ. ಇದರಲ್ಲಿ ಯಾವುದರ ಪಾಲು ಎಷ್ಟು ಅಂತ ಮನೆಯ ಮೀಟರ್‌ನಿಂದ ಬಿಡಿಸಿ ಹೇಳೋಕೆ ಆಗಲ್ಲ. ಮೀಟರ್ ಕೂಡ ನೂರಕ್ಕೆ ಹತ್ತು ಹದಿನೈದರಷ್ಟು ಆಚೀಚೆ ತೋರಿಸಬಹುದು.

ಪಿಜೆ_ಬಡಾವಣೆ
ಮಲಗಿದ್ದು ನಿಜ ಅಕ್ಕ. ತಿಂದು ಒಂದು ತಾಸು ನಿದ್ದಿ.

ಜಿಮ್_ಹನುಮ
ಅಂದ್ರೆ ನಾನ್ ಹೇಳಿದ್ದೇ ಆಯ್ತಲ್ಲ, ಪ್ರೋಟೀನ್ ಜಾಸ್ತಿ ಮಾಡಿ ಅಂತ 😄

ತಕ್ಕಡಿ_ಅಕ್ಕ
ಹತ್ತಿರ ಬಂದ್ರಿ. ಶೇಂಗಾ ಜಾಸ್ತಿ ಮಾಡೋದಾದ್ರೆ ಸಾಬೂದಾನಿ ತೆಗೆದು ಆ ಜಾಗಕ್ಕೆ ಹಾಕಬೇಕು. ಅದರ ಮೇಲೆ ಸುರಿಯೋದಲ್ಲ. ನಾನು ಹೇಳೋ ಅಳತೆ ಇದು, ಇಡೀ ದಿನಕ್ಕೆ: ಒಣ ಸಾಬೂದಾನಿ 80 ಗ್ರಾಂ, ಶೇಂಗಾ 60, ತುಪ್ಪ 15. ಆಲೂಗಡ್ಡೆ ಬೇಡ, ಪಿಷ್ಟದ ಜೊತೆಗೆ ಪಿಷ್ಟ ಯಾಕೆ? ಸಕ್ಕರೆ ಬೇಡ, ಹುಳಿಗೆ ನಿಂಬೆಹಣ್ಣು ಧಾರಾಳ. ಇದನ್ನ ಎರಡು ಪಾಲು ಮಾಡಿದ್ರೆ ಒಂದಕ್ಕೆ 380 ಕ್ಯಾಲೊರಿ, ಕಾರ್ಬ್ 40, ಪ್ರೋಟೀನ್ 8 ಹತ್ರ. ಪಕ್ಕಕ್ಕೆ ಒಂದು ಬಟ್ಟಲು ಗಟ್ಟಿ ಮೊಸರು ಮತ್ತು ಹೆಚ್ಚಿದ ಸೌತೆಕಾಯಿ ಇಟ್ರೆ ಕ್ಯಾಲೊರಿ ಇನ್ನೊಂದು 60–70, ಕಾರ್ಬ್ ಐದಾರು, ಪ್ರೋಟೀನ್ ಮೂರು ಸೇರುತ್ತೆ.

ಒಂದು ಮಾತು ಮೊದಲೇ ಹೇಳಿಬಿಡ್ತೀನಿ, ಕಿಚಡಿ ಕಣ್ಣಿಗೆ ಕಡಿಮೆ ಕಾಣುತ್ತೆ. ಪಾಲಿಗೆ 110 ಗ್ರಾಂ ಬಂದ್ರೆ ಹೆಚ್ಚು. ಅವ್ವ ಬೈಯ್ತಾರೆ.

ಅನ್ನಪೂರ್ಣ_ಒಲೆ
ಶೇಂಗಾ ಅಷ್ಟು ಜಾಸ್ತಿ, ಸಾಬೂದಾನಿ ಕಮ್ಮಿ ಆದ್ರೆ ಹಿಟ್ಟು ಹಿಟ್ಟಾಗಿ ಗಂಟಲಲ್ಲಿ ಸಿಕ್ಕೊಳ್ತದೆ. ಪುಡಿ ಮಾಡಬೇಡ್ರಿ. ಒಂದು ಪಾಲು ತರಿತರಿ ಕುಟ್ಟಿ ನೆನೆದ ಸಾಬೂದಾನಿಗೆ ಮೊದಲೇ ಕಲಸಿಡ್ರಿ, ಅದು ಮೇಲಿನ ತೇವ ಹೀರ್ಕೊಂಡು ಕಾಳು ಅಂಟದಂಗೆ ಮಾಡ್ತದೆ, ತುಪ್ಪ ಕಮ್ಮಿ ಆದ್ರೂ ನಡೀತದೆ. ಉಳಿದ ಪಾಲು ಇಡೀ ಬೀಜ ಒಗ್ಗರಣೆಗೆ. ಸಾಬೂದಾನಿ ಎರಡು ಬೆರಳಲ್ಲಿ ಹಿಸುಕಿದ್ರೆ ನಡುವೆ ಗಟ್ಟಿ ಬಿಳೀ ಚುಕ್ಕಿ ಸಿಗಬಾರದು, ಅಷ್ಟು ನೆಂದಿರಬೇಕು. ನೆನೆಯದೆ ಬಾಣಲೆಗೆ ಹಾಕಿದ್ರೆ ಹಲ್ಲಿಗೆ ಸಿಗ್ತದೆ, ಆವಾಗ ಎಲ್ಲರೂ ತುಪ್ಪ ಸುರಿಯೋಕೆ ಶುರು ಮಾಡ್ತಾರೆ.

ತಕ್ಕಡಿ_ಅಕ್ಕ
ಈ ಕೊನೇ ಮಾತು ನಂಗೆ ಹೊಳೆದಿರಲಿಲ್ಲ ಅಕ್ಕಾರೆ. ತುಪ್ಪ ಕಡಿಮೆ ಮಾಡಿ ಅಂತ ಹೇಳ್ತೀವಿ, ಹೇಗೆ ಅಂತ ಹೇಳಲ್ಲ.

ಚಳ್ಳಕೆರೆ_ಗಾಣ
ಶೇಂಗಾ ಆರಿಸಿ ಹಾಕ್ರಿ. ಸುಕ್ಕಿದ್ದು, ಕಪ್ಪಾಗಿದ್ದು, ಬೂಷ್ಟು ವಾಸನೆ ಇರೋದು ತೆಗೆದುಬಿಡಿ, ಹುರಿದ್ರೆ ಹೋಗುತ್ತೆ ಅನ್ನೋದು ಸುಳ್ಳು. ಮತ್ತೆ ಅಂಗಡಿ ಉಪ್ಪು ಶೇಂಗಾ ಬೇಡ, ಅದರಲ್ಲಿ ಉಪ್ಪು ಮೊದಲೇ ಇರುತ್ತೆ.

ಕೋಟೆ_ಬುರುಜು
80 ಗ್ರಾಂ ಅಂದ್ರೆ ಎಷ್ಟಪ್ಪ? ನಮ್ಮನೇಲಿ ತಕ್ಕಡಿ ಇಲ್ಲ.

ಪಿಜೆ_ಬಡಾವಣೆ
ಅವ್ವನ ಲೋಟಕ್ಕೆ ಒಂದು ತುಂಬಿದ್ರೆ 150 ಬಂದಿತ್ತು ಯಜಮಾನ್ರೇ. ಅದರ ಅರ್ಧಕ್ಕಿಂತ ಒಂದು ಚೂರು ಜಾಸ್ತಿ. ನಿಮ್ಮ ಲೋಟ ಬೇರೆ ಇರ್ತದೆ, ಒಂದು ಸಲ ಕಿರಾಣಿ ಅಂಗಡೀಲಿ ತೂಗಿಸಿ ಗುರುತು ಮಾಡ್ಕೊಳ್ರಿ.

ಜಿಮ್_ಹನುಮ
ಹಿಂದಿನ ದಿನ ಮಾಡಿ ಫ್ರಿಜ್‌ನಲ್ಲಿಟ್ರೆ ಪಿಷ್ಟ ಬದಲಾಗಿ ಶುಗರ್ ಏರಲ್ಲ ಅಂತ ವಿಡಿಯೋ ನೋಡಿದೆ.

ತಕ್ಕಡಿ_ಅಕ್ಕ
ಆರಿದ ಪಿಷ್ಟದಲ್ಲಿ ಸ್ವಲ್ಪ ಭಾಗ ಜೀರ್ಣವಾಗದ ರೂಪಕ್ಕೆ ತಿರುಗೋದು ನಿಜ. ‘ಏರಲ್ಲ’ ಅನ್ನುವಷ್ಟು ಅಲ್ಲ. ಮರಗೆಣಸಿನ ಪಿಷ್ಟ ಆ ವಿಷಯದಲ್ಲಿ ಅಕ್ಕಿ, ಆಲೂಗಡ್ಡೆಗಿಂತ ಹಿಂದೆ. ತಣ್ಣಗಾದ ಸಾಬೂದಾನಿ ಕಿಚಡಿ ರಬ್ಬರ್ ಥರ ಆಗುತ್ತೆ, ಅದನ್ನ ತಿನ್ನೋ ಶಿಕ್ಷೆ ಯಾಕೆ?

(ಮುಂದಿನ ಏಕಾದಶಿ)

ಪಿಜೆ_ಬಡಾವಣೆ
ಹೊಸ ಅಳತೆ ಮಾಡಿದೆ. ತಟ್ಟೆ ನೋಡಿ ಅವ್ವ ‘ಇದು ನೈವೇದ್ಯನೋ ಊಟನೋ’ ಅಂದ್ಲು. ಸೌತೆಕಾಯಿ, ಮೊಸರು ಇಟ್ಟ ಮೇಲೆ ಸುಮ್ಮನಾದ್ಲು. ಸಂಜೆ ಐದಕ್ಕೆ ಹಸಿವು ಅಂದ್ಲು, ಹಾಲು ಕೊಟ್ಟೆ.

ಮುಂಚೆ 131. ಎರಡು ಗಂಟೆಗೆ 158, ಮೂರು ಗಂಟೆಗೆ 163. ಈ ಸಲ ಮಲಗಲಿಲ್ಲ, ಮಧ್ಯಾಹ್ನ ಗುಡಿಗೆ ನಡ್ಕೊಂಡು ಹೋಗಿ ಬಂದ್ಲು. ಹಂಗಾಗಿ ಅಳತೆಯಿಂದ ಇಳೀತೋ ನಡೆದಿದ್ದಕ್ಕೆ ಇಳೀತೋ ಗೊತ್ತಾಗಲಿಲ್ಲ.

ತಕ್ಕಡಿ_ಅಕ್ಕ
ಎರಡರಿಂದಲೂ ಇರುತ್ತೆ. ಎರಡನ್ನೂ ಬಿಡಬೇಡಿ. ನಿಮ್ಮ ಡಾಕ್ಟರ್‌ಗೆ ಈ ಎರಡು ದಿನದ ಸಂಖ್ಯೆ ಬರೆದು ತೋರಿಸಿ, ‘ಉಪವಾಸದಲ್ಲಿ ಜಾಸ್ತಿ ಬರುತ್ತೆ’ ಅಂತ ಬಾಯಲ್ಲಿ ಹೇಳೋದಕ್ಕಿಂತ ಅವರಿಗೆ ಉಪಯೋಗ.

ವಿರಕ್ತ_ಓದುಗ
ಸಾಬೂದಾನಿ ಬದಲು ಊದಲು ಅಕ್ಕಿ ಮಾಡಬಹುದಲ್ಲ? ನಮ್ಮ ಪಕ್ಕದ ಮನೆ ಮರಾಠಿಯವರು ‘ವರಿ’ ಅಂತ ಉಪವಾಸಕ್ಕೆ ಅದನ್ನೇ ಮಾಡ್ತಾರೆ. ನಾರಾದ್ರೂ ಇರುತ್ತೆ.

ಬೆಣ್ಣೆ_ಖಾಲಿ
ಊದಲು ಧಾನ್ಯ ಸ್ವಾಮಿ. ಏಕಾದಶಿಗೆ ಧಾನ್ಯ ಹೆಂಗೆ ನಡೀತದೆ?

ವಿರಕ್ತ_ಓದುಗ
ಅವರಿಗೆ ನಡೀತದಲ್ಲ.

ಬೆಣ್ಣೆ_ಖಾಲಿ
ಅವರಿಗೆ ನಡೀತದೆ, ನಮ್ಮಲ್ಲಿ ಇಲ್ಲ.

ಪಿಜೆ_ಬಡಾವಣೆ
ಅವ್ವನ್ನ ಕೇಳಿದೆ. ‘ಮಠದಾಗೆ ಕೇಳಿ ಬರ್ತೀನಿ, ಅಲ್ಲೀತನಕ ತರಬ್ಯಾಡ’ ಅಂದಾಳೆ. ಅಕ್ಕ, ನಡೀತದೆ ಅಂದ್ರೆ ಅದರದ್ದೂ ಅಳತೆ ಕೇಳ್ತೀನಿ.

ತಕ್ಕಡಿ_ಅಕ್ಕ
ಕೇಳಿ. ಮೊದಲು ಆ ತುಪ್ಪದ ಚಮಚ ಬದಲಾಯಿಸಿ.